ಸುಕ್ಕು ಮಲ್ಲಿ ಕಾಫಿ: ಲೋಟದಲ್ಲಿ ಶುಂಠಿ ಎಷ್ಟು, ಬೆಲ್ಲ ಎಷ್ಟು?

ಅಕ್ಟೋಬರ್ ನಡುವೆ ಈಶಾನ್ಯ ಮಾರುತದ ಮಳೆ ಹಿಡಿಯಿತೆಂದರೆ ತಮಿಳುನಾಡಿನ ಊರುಗಳಲ್ಲಿ ಸಂಜೆ ಹೊತ್ತಿಗೆ ಸುಕ್ಕು ಕಾಫಿಯ ಸೈಕಲ್ಲುಗಳು ಹೊರಬೀಳುತ್ತವೆ. ಹಿಂದಿನ ಕ್ಯಾರಿಯರ್ ಮೇಲೆ ನಲ್ಲಿ ಇರುವ ಸ್ಟೀಲ್ ಡ್ರಮ್ಮು, ಹ್ಯಾಂಡಲ್ಲಿಗೆ ನೇತುಹಾಕಿದ ಲೋಟಗಳ ಚೀಲ. ಬಸ್ ನಿಲ್ದಾಣದ ಹೊರಗೋ ದೇವಸ್ಥಾನದ ಬೀದಿಯ ತುದಿಯಲ್ಲೋ ಸೈಕಲ್ ನಿಲ್ಲಿಸಿ ನಲ್ಲಿ ತಿರುಗಿಸಿದರೆ ಕಡುಕಂದು ಬಣ್ಣದ, ಹಾಲಿಲ್ಲದ ಪಾನೀಯ ಹಬೆಯಾಡುತ್ತಾ ಇಳಿಯುತ್ತದೆ. ಮಾರ್ಗಳಿ ತಿಂಗಳ, ಅಂದರೆ ನಮ್ಮ ಧನುರ್ಮಾಸದ ಚಳಿ ಮುಗಿಯುವವರೆಗೂ ಈ ವ್ಯಾಪಾರ ಜೋರು. ತಮಿಳಿನಲ್ಲಿ ಸುಕ್ಕು ಎಂದರೆ ಒಣಶುಂಠಿ, ಮಲ್ಲಿ ಎಂದರೆ ಕೊತ್ತಂಬರಿ. ಹೆಸರಲ್ಲಿ ಕಾಫಿ ಇದ್ದರೂ ಮೂಲ ಪದ್ಧತಿಯಲ್ಲಿ ಕಾಫಿಪುಡಿ ಚಿಟಿಕೆಯೂ ಬೀಳುವುದಿಲ್ಲ.

ಕೇರಳದಲ್ಲಿ ಇದರ ಹತ್ತಿರದ ನೆಂಟ ಚುಕ್ಕು ಕಾಪ್ಪಿ. ಅಲ್ಲಿ ಕಾಳುಮೆಣಸು, ತುಳಸಿ ಸೇರುತ್ತವೆ, ಎಷ್ಟೋ ಮನೆಗಳಲ್ಲಿ ನಿಜವಾದ ಕಾಫಿಪುಡಿಯೂ ಸೇರುತ್ತದೆ. ಶಬರಿಮಲೆಗೆ ಹೋಗಿಬಂದ ಕನ್ನಡಿಗರು ದಾರಿಯಲ್ಲಿ ಹಂಚುವ ಬಿಸಿ ಚುಕ್ಕು ವೆಳ್ಳಂ ಕುಡಿದೇ ಇರುತ್ತಾರೆ, ಅದೂ ಒಣಶುಂಠಿಯ ನೀರೇ. ನಮ್ಮ ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಕಷಾಯದ ಪುಡಿ ಎಂಬ ಡಬ್ಬಿಯಲ್ಲಿ ಕೊತ್ತಂಬರಿ, ಜೀರಿಗೆ, ಮೆಣಸು, ಶುಂಠಿ ಎಲ್ಲವೂ ಇರುತ್ತವೆ. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ. ನಮ್ಮ ಕಷಾಯದಲ್ಲಿ ಕೊತ್ತಂಬರಿ, ಜೀರಿಗೆಗಳದ್ದೇ ಯಜಮಾನಿಕೆ, ಶುಂಠಿ ಹಿಂದೆ ನಿಲ್ಲುತ್ತದೆ, ಕೊನೆಗೆ ಹಾಲು ಬೀಳುತ್ತದೆ. ಸುಕ್ಕು ಕಾಫಿಯಲ್ಲಿ ಶುಂಠಿ ಮುಂದೆ ಬರುತ್ತದೆ, ಸಿಹಿಗೆ ತಾಳೆಬೆಲ್ಲ, ಹಾಲಿಗೆ ಜಾಗವಿಲ್ಲ. ಈ ಪಾನೀಯ ಯಾರಿಗೆ ಒಗ್ಗುತ್ತದೆ, ಯಾರಿಗೆ ತೊಂದರೆ ಕೊಡುತ್ತದೆ ಎಂಬುದೂ ಪ್ರಮಾಣದ ಲೆಕ್ಕವೇ. ಆದ್ದರಿಂದ ಮೊದಲು ಒಂದು ಲೋಟದಲ್ಲಿ ಏನೇನು ಎಷ್ಟೆಷ್ಟು ಇರುತ್ತದೆ ಎಂದು ತಿಳಿದುಕೊಂಡರೆ ಉಳಿದದ್ದು ಸುಲಭ.

ಒಣಗಿದ ಶುಂಠಿಯೇ ಏಕೆ

ಹಸಿಶುಂಠಿ ಒಣಗಿದರೆ ನೀರು ಹೋಗುವುದಷ್ಟೇ ಅಲ್ಲ, ಅದರ ಖಾರವೂ ಬೇರೆಯಾಗುತ್ತದೆ. ಹಸಿಶುಂಠಿಯ ಖಾರಕ್ಕೆ ಕಾರಣ ಜಿಂಜರಾಲ್ ಎಂಬ ವಸ್ತು. ಒಣಗುವಾಗ ಮತ್ತು ಬಿಸಿ ತಾಗಿದಾಗ ಇದರ ಒಂದು ಪಾಲು ಶೋಗಾಲ್ ಆಗಿ ಮಾರ್ಪಡುತ್ತದೆ, ಅದು ಜಿಂಜರಾಲ್‌ಗಿಂತ ಎರಡು ಪಟ್ಟಿಗೂ ಮೀರಿದ ಖಾರ. ಹಸಿಶುಂಠಿಯ ಚಹಾ ನಾಲಗೆಯ ತುದಿಯಲ್ಲಿ ಚುರುಕ್ ಎನ್ನಿಸಿ ಹೋದರೆ, ಒಣಶುಂಠಿಯ ಕಾಫಿ ಗಂಟಲಲ್ಲಿ ಇಳಿದು ಎದೆಯವರೆಗೂ ಬೆಚ್ಚಗಾದಂತೆ ಅನ್ನಿಸುವುದು ಇದಕ್ಕೇ. ಮೆಣಸಿನಕಾಯಿ ತಿಂದಾಗ ಬಾಯಿ ಉರಿಯುವಂತೆ ಮಾಡುವ ನರತುದಿಗಳನ್ನೇ ಇದೂ ಕೆಣಕುತ್ತದೆ. ಬಿಸಿಯ ಅನುಭವ ನಿಜ, ಆದರೆ ಅದು ಮೈಯ ಉಷ್ಣಾಂಶ ಏರಿದ ಲಕ್ಷಣವಲ್ಲ.

ಒಂದು ಕಿಲೋ ಒಣಶುಂಠಿಗೆ ಸುಮಾರು ನಾಲ್ಕೈದು ಕಿಲೋ ಹಸಿಶುಂಠಿ ಬೇಕು. ಆದ್ದರಿಂದ ಹಸಿಶುಂಠಿ ಹಾಕುವ ಅಂದಾಜಿನಲ್ಲೇ ಒಣಶುಂಠಿ ಹಾಕಿದರೆ ಪಾನೀಯ ಕುಡಿಯಲಾಗದಷ್ಟು ಖಾರವಾಗುತ್ತದೆ. ಕೊತ್ತಂಬರಿ ಬೀಜದ ಕೆಲಸ ಶುರುವಾಗುವುದು ಇಲ್ಲಿ. ಅದರ ಪರಿಮಳದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನಲೂಲ್ ಎಂಬ ಅಂಶವಿದೆ, ಹೂವಿನಂಥ, ಕಿತ್ತಳೆ ಸಿಪ್ಪೆಯಂಥ ಹಗುರ ವಾಸನೆ ಅದರದು. ಕೊತ್ತಂಬರಿ ಜಾಸ್ತಿಯಿದ್ದರೆ ಪಾನೀಯಕ್ಕೆ ಸ್ವಲ್ಪ ಮಂದತೆಯೂ ಬರುತ್ತದೆ, ಶುಂಠಿಯ ಖಾರ ಮೊನಚಾಗಿ ಚುಚ್ಚದೆ ಹರಡಿಕೊಳ್ಳುತ್ತದೆ.

ಗ್ರಂಥಿಗೆ ಅಂಗಡಿಯಲ್ಲಿ ಒಣಶುಂಠಿ ಕೊಳ್ಳುವಾಗ ಬೆಳ್ಳಗಿರುವುದೇ ಒಳ್ಳೆಯದೆಂದು ಆರಿಸಬೇಡಿ. ಹುಳ ಹಿಡಿಯದಿರಲಿ, ನೋಡಲು ಚೆನ್ನಾಗಿರಲಿ ಎಂದು ಸುಣ್ಣದ ನೀರಲ್ಲಿ ಅದ್ದಿ ಒಣಗಿಸಿದ ಶುಂಠಿಯೂ ಮಾರುಕಟ್ಟೆಯಲ್ಲಿದೆ. ಬೆರಳಲ್ಲಿ ಉಜ್ಜಿದರೆ ಬಿಳಿ ಪುಡಿ ಅಂಟಿಕೊಳ್ಳುತ್ತದೆ. ಒಳ್ಳೆಯ ತುಂಡು ಮಾಸಲು ಹಳದಿಯಿಂದ ತಿಳಿಕಂದು ಬಣ್ಣದಲ್ಲಿರುತ್ತದೆ, ಮುರಿದರೆ ಟಪ್ಪೆಂದು ತುಂಡಾಗಿ ನಾರು ಕಾಣುತ್ತದೆ, ಘಾಟು ತಕ್ಷಣ ಮೂಗಿಗೆ ಬಡಿಯುತ್ತದೆ. ಮುರಿಯದೆ ಬಾಗಿದರೆ ಒಣಗಿದ್ದು ಸಾಲದು. ಗುಂಡುಸೂಜಿ ಚುಚ್ಚಿದಂಥ ತೂತುಗಳಿದ್ದರೆ ಹುಳ ಕೊರೆದಿದೆ ಎಂದರ್ಥ. ಮುರಿದ ಜಾಗದಲ್ಲಿ ಬೂದು ಅಥವಾ ಹಸಿರು ಬೂಷ್ಟು, ಮುಗ್ಗಲು ವಾಸನೆ ಇದ್ದರೆ ಆ ತುಂಡನ್ನಷ್ಟೇ ಅಲ್ಲ, ಆ ಪೊಟ್ಟಣವನ್ನೇ ಬಿಟ್ಟುಬಿಡಿ. ಬೂಷ್ಟಿನ ವಿಷ ಕುದಿಸಿದರೂ ಹೋಗುವುದಿಲ್ಲ.

ಪುಡಿಯ ಹದ

ಮನೆಮನೆಗೂ ಅಳತೆ ಬೇರೆ. ಕೆಲವರು ಶುಂಠಿ, ಕೊತ್ತಂಬರಿ ಸಮಸಮ ಹಾಕುತ್ತಾರೆ, ಕೆಲವರು ಒಂದಕ್ಕೆ ನಾಲ್ಕರಷ್ಟು ಕೊತ್ತಂಬರಿ ಹಾಕುತ್ತಾರೆ. ಮನೆಮಂದಿಯೆಲ್ಲ ಕುಡಿಯುವುದಾದರೆ ಒಂದು ಪಾಲು ಶುಂಠಿಗೆ ಎರಡು ಪಾಲು ಕೊತ್ತಂಬರಿ ಒಳ್ಳೆಯ ನಡುದಾರಿ. 100 ಗ್ರಾಂ ಕೊತ್ತಂಬರಿ ಬೀಜ, 50 ಗ್ರಾಂ ಒಣಶುಂಠಿ, ಒಂದು ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಐದಾರು ಏಲಕ್ಕಿ. ಇಷ್ಟಕ್ಕೆ ಸುಮಾರು 150 ಗ್ರಾಂ ಪುಡಿ ಸಿಗುತ್ತದೆ.

ಸಿದ್ಧ ವೈದ್ಯದ ಸಂಪ್ರದಾಯದಲ್ಲಿ ಶುಂಠಿಯ ಹೊರಸಿಪ್ಪೆ ಹೆರೆದೇ ಬಳಸಬೇಕೆಂಬ ನಿಯಮವಿದೆ. ಅದಕ್ಕೆ ಅವರು ಕೊಡುವ ಕಾರಣ ಏನೇ ಇರಲಿ, ನೆಲದಡಿ ಬೆಳೆಯುವ ಗೆಡ್ಡೆಯ ಸುಕ್ಕುಗಳಲ್ಲಿ ಮಣ್ಣು ಕೂತಿರುತ್ತದೆ. ಚಾಕುವಿನಿಂದ ಮೇಲೆ ಮೇಲೆ ಹೆರೆದು, ಬಟ್ಟೆಯಲ್ಲಿ ಒರೆಸಿ, ಒಂದು ದಿನ ಬಿಸಿಲಿಗೆ ಹಾಕಿ. ಇಡೀ ತುಂಡನ್ನು ಮಿಕ್ಸಿಗೆ ಹಾಕಿದರೆ ಬ್ಲೇಡು ಹಾಳಾಗುತ್ತದೆ. ಮೊದಲು ಕುಟ್ಟಾಣಿಯಲ್ಲಿ ಜಜ್ಜಿ ಚೂರು ಮಾಡಿಕೊಳ್ಳಬೇಕು.

ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಶುಂಠಿಯ ಚೂರುಗಳನ್ನು ಬಿಸಿಯಾಗುವಷ್ಟು ಮಾತ್ರ ಹುರಿದು ತೆಗೆಯಿರಿ. ಆಮೇಲೆ ಕೊತ್ತಂಬರಿ. ಎರಡು ಮೂರು ನಿಮಿಷದಲ್ಲಿ ಬೀಜ ಹಗುರಾಗಿ, ಸೌಟಿಗೆ ತಾಗಿದಾಗ ಗಲಗಲ ಸದ್ದು ಮಾಡುತ್ತದೆ, ಪರಿಮಳ ಏಳುತ್ತದೆ. ಅಲ್ಲಿಗೆ ಸಾಕು, ಸಾರಿನ ಪುಡಿಗೆ ಹುರಿದಂತೆ ಕೆಂಪಗಾಗುವವರೆಗೆ ಬಿಡಬಾರದು. ಕೆಂಪಗಾದರೆ ಎಣ್ಣೆಯ ಅಂಶ ಹಾರಿಹೋಗಿ ಸಪ್ಪೆಯಾಗುತ್ತದೆ, ಕಪ್ಪಾದರೆ ಪಾನೀಯವಿಡೀ ಕಹಿ. ಮೆಣಸು, ಜೀರಿಗೆ ಅದೇ ಬಿಸಿಯಲ್ಲಿ ಬಾಡಿದರೆ ಆಯಿತು, ಏಲಕ್ಕಿಗೆ ಹುರಿಯುವುದೇ ಬೇಡ. ಪೂರ್ತಿ ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ ಜರಡಿ ಹಿಡಿಯಿರಿ. ಜರಡಿಯಲ್ಲಿ ಉಳಿಯುವ ಶುಂಠಿಯ ನಾರನ್ನು ಬಿಸಾಡಬೇಕು, ಅದು ಲೋಟಕ್ಕೆ ಬಂದರೆ ಗಂಟಲಲ್ಲಿ ಕಚಗುಳಿ ಇಟ್ಟು ಕೆಮ್ಮು ತರಿಸುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಎರಡು ತಿಂಗಳಿಗಾಗುವಷ್ಟೇ ಮಾಡಿಟ್ಟುಕೊಳ್ಳಿ. ಆಮೇಲೆ ಖಾರ ಉಳಿದಿದ್ದರೂ ಕೊತ್ತಂಬರಿಯ ವಾಸನೆ ಹೋಗಿರುತ್ತದೆ.

ಕುದಿಸುವ ಕ್ರಮ

ನಾಲ್ಕು ಲೋಟಕ್ಕೆ 700 ಮಿಲಿಲೀಟರ್ ನೀರು, ತಲೆಗಟ್ಟಿದ ನಾಲ್ಕು ಟೀ ಚಮಚ ಪುಡಿ, 40 ಗ್ರಾಂ ತಾಳೆಬೆಲ್ಲ. ತಮಿಳಿನ ಕರುಪ್ಪಟ್ಟಿ, ತುಳುನಾಡಿನ ಓಲೆಬೆಲ್ಲ ಎಲ್ಲವೂ ಇದೇ, ತಾಳೆಮರದ ನೀರಾ ಕಾಯಿಸಿ ಮಾಡಿದ್ದು. ತೂತ್ತುಕುಡಿ ಜಿಲ್ಲೆಯ ಉಡನ್‌ಗುಡಿಯ ಕರುಪ್ಪಟ್ಟಿಗೆ ತಮಿಳುನಾಡಿನಲ್ಲಿ ದೊಡ್ಡ ಹೆಸರು. ಹೊಗೆಯ ವಾಸನೆ, ಸ್ವಲ್ಪ ಉಪ್ಪುಪ್ಪಾದ ಸಿಹಿ ಇದರ ಗುಣ, ಶುಂಠಿಯ ಖಾರಕ್ಕೆ ಹೊಂದುವುದೂ ಅದೇ. ಇದರಲ್ಲಿ ಮರಳು, ಸುಣ್ಣದ ಕಸ ಇರುವುದು ಸಾಮಾನ್ಯ. ಹೀಗಾಗಿ ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಅರ್ಧ ಲೋಟ ನೀರಲ್ಲಿ ಕರಗಿಸಿ, ಒಂದು ನಿಮಿಷ ತಳ ಇಳಿಯಲು ಬಿಟ್ಟು, ಬಟ್ಟೆಯಲ್ಲಿ ಸೋಸಿಟ್ಟುಕೊಳ್ಳಿ. ಆ ಅರ್ಧ ಲೋಟ 700 ಮಿಲಿಲೀಟರ್‌ನ ಲೆಕ್ಕದಲ್ಲೇ ಇರಲಿ.

ಉಳಿದ ನೀರು ಕುದಿ ಬಂದಾಗ ಪುಡಿ ಹಾಕಿ, ಉರಿ ತಗ್ಗಿಸಿ, ಮುಚ್ಚಳ ಅರೆ ಮುಚ್ಚಿ ಐದು ನಿಮಿಷ ಬಿಡಿ. ಒಲೆ ಆರಿಸಿ ಇನ್ನೆರಡು ನಿಮಿಷ ಪೂರ್ತಿ ಮುಚ್ಚಿಡಿ. ಗಸಿ ತಳಕ್ಕಿಳಿಯುತ್ತದೆ. ಮೇಲಿನದನ್ನು ಸೋಸಿ ಬೆಲ್ಲದ ನೀರು ಬೆರೆಸಿದರೆ ಕಾಫಿ ಸಿದ್ಧ. ಕಾಲು ಗಂಟೆ ಬುಸುಬುಸು ಕುದಿಸುವವರಿದ್ದಾರೆ. ಅದರಿಂದ ಖಾರ ಏರುತ್ತದೆ, ಕೊತ್ತಂಬರಿಯ ಪರಿಮಳ ಮಾತ್ರ ಅಡುಗೆಮನೆಯ ಗಾಳಿಗೆ ಹೋಗುತ್ತದೆ. ಡ್ರಮ್ಮಿನಲ್ಲಿ ಗಂಟೆಗಟ್ಟಲೆ ಬಿಸಿಯಾಗಿಯೇ ಇರುವ ಬೀದಿಯ ಕಾಫಿ ರಾತ್ರಿಯಾಗುತ್ತಾ ಖಾರವಾಗಿ, ಒಗರಾಗಿ ಬರುವುದಕ್ಕೆ ಕಾರಣವೂ ಇದೇ.

ಹಾಲು ಹಾಕಿಯೇ ಕುಡಿಯಬೇಕೆನ್ನುವವರು ಬೆಲ್ಲದ ಜೊತೆ ಹಾಲು ಕುದಿಸಬೇಡಿ, ಒಡೆಯುತ್ತದೆ. ಸೋಸಿದ ಪಾನೀಯ ಲೋಟಕ್ಕೆ ಬಿದ್ದ ಮೇಲೆ ಕಾಯಿಸಿದ ಬಿಸಿ ಹಾಲು ಎರಡು ಚಮಚ ಸೇರಿಸಿದರೆ ಸಾಕು.

ಈಗ ಲೋಟದ ಲೆಕ್ಕ. ತಲೆಗಟ್ಟಿದ ಒಂದು ಟೀ ಚಮಚ ಪುಡಿ ಹೆಚ್ಚುಕಡಿಮೆ ಎರಡು ಗ್ರಾಂ ತೂಗುತ್ತದೆ. ನಮ್ಮ ಅಳತೆಯ ಪುಡಿಯಲ್ಲಿ ಮೂರನೇ ಒಂದು ಪಾಲು ಶುಂಠಿ. ಅಂದರೆ ಒಂದು ಲೋಟಕ್ಕೆ ಮುಕ್ಕಾಲು ಗ್ರಾಂಗಿಂತ ಕಡಿಮೆ ಒಣಶುಂಠಿ, ಅದರಲ್ಲೂ ಸ್ವಲ್ಪ ಗಸಿಯಲ್ಲೇ ಉಳಿಯುತ್ತದೆ. ಬೆಲ್ಲ 10 ಗ್ರಾಂ. ಆಯುರ್ವೇದದ ಅಧಿಕೃತ ಔಷಧಕೋಶ ಶುಂಠಿಪುಡಿಗೆ ಹೇಳುವ ಪ್ರಮಾಣ ಒಂದರಿಂದ ಎರಡು ಗ್ರಾಂ. ದಿನಕ್ಕೆ ಎರಡು ಲೋಟ ಕುಡಿದರೂ ಆರೋಗ್ಯವಂತ ದೊಡ್ಡವರು ಅದರೊಳಗೇ ಇರುತ್ತಾರೆ. ಅದೇ ಸಮಸಮ ಬೆರೆಸಿದ ಪುಡಿಯನ್ನು ಗೋಪುರ ಕಟ್ಟಿದ ಚಮಚದಲ್ಲಿ ಹಾಕಿದರೆ ಒಂದೇ ಲೋಟದಲ್ಲಿ ಎರಡು ಗ್ರಾಂ ಶುಂಠಿ. ನೆಗಡಿಯೆಂದು ದಿನಕ್ಕೆ ಮೂರು ಸಲ ಕುಡಿದರೆ ಆರು ಗ್ರಾಂ. ಎದೆಯುರಿ, ಹೊಟ್ಟೆಯುರಿ, ಭೇದಿ ಶುರುವಾಗುವುದು ಇಂಥ ಅಳತೆಯಲ್ಲಿ. ಸಿದ್ಧಪುಡಿ ಕೊಳ್ಳುವವರು ಪೊಟ್ಟಣದ ಹಿಂದಿನ ಪಟ್ಟಿ ಓದಬೇಕು. ತೂಕದಲ್ಲಿ ಹೆಚ್ಚಿರುವುದನ್ನೇ ಮೊದಲು ಬರೆಯಬೇಕೆಂಬುದು ಕಾನೂನು. ಎಷ್ಟೋ ಪೊಟ್ಟಣಗಳಲ್ಲಿ ಮೊದಲ ಹೆಸರು ಸಕ್ಕರೆಯದೋ ಬೆಲ್ಲದ್ದೋ ಆಗಿರುತ್ತದೆ.

ನೆಗಡಿ ಹೋಗುತ್ತದೆಯೇ?

ನೆಗಡಿ ವೈರಸ್ಸಿನಿಂದ ಬರುವಂಥದ್ದು, ವಾರದಲ್ಲಿ ತಾನಾಗಿ ಇಳಿಯುತ್ತದೆ. ಸುಕ್ಕು ಕಾಫಿ ಆ ವಾರವನ್ನು ಎರಡು ದಿನಕ್ಕೆ ಇಳಿಸುವುದಿಲ್ಲ. ಆದರೆ ಕುಡಿದ ಕೂಡಲೇ ಹಾಯೆನಿಸುವುದು ಬರೀ ಭ್ರಮೆಯೂ ಅಲ್ಲ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದವರು 2008ರಲ್ಲಿ ನೆಗಡಿಯಾದ 30 ಮಂದಿಯ ಮೇಲೆ ಬಿಸಿ ಹಣ್ಣಿನ ಪಾನೀಯದ ಪರೀಕ್ಷೆ ನಡೆಸಿದ್ದರು. ಯಂತ್ರದಲ್ಲಿ ಅಳೆದಾಗ ಮೂಗಿನಲ್ಲಿ ಗಾಳಿಯ ಓಡಾಟ ಹೆಚ್ಚಾಗಿರಲಿಲ್ಲ. ಆದರೂ ಮೂಗು ಸೋರುವುದು, ಕೆಮ್ಮು, ಸೀನು, ಗಂಟಲು ನೋವು, ಚಳಿ, ಸುಸ್ತು ಎಲ್ಲದರಲ್ಲೂ ಆರಾಮ ಸಿಕ್ಕಿತೆಂದು ಕುಡಿದವರು ಹೇಳಿದರು. ಬಿಸಿ, ಸಿಹಿ ಮತ್ತು ರುಚಿ ಸೇರಿ ಬಾಯಲ್ಲಿ, ಗಂಟಲಲ್ಲಿ ಜೊಲ್ಲು, ಲೋಳೆ ಊರಿಸಿ ಒಣಕೆರೆತವನ್ನು ತಗ್ಗಿಸುತ್ತವೆ. ಸುಕ್ಕು ಕಾಫಿಯಲ್ಲಿ ಈ ಮೂರೂ ಇವೆ, ಮೇಲೆ ಶುಂಠಿಯ ಖಾರವೂ ಇದೆ.

ಎಚ್ಚರ ಬೇಕಾದದ್ದು ಜ್ವರದ ವಿಷಯದಲ್ಲಿ. ಈ ಪಾನೀಯದ ಕಾಲವಾದ ಮಳೆಗಾಲದ ತಿಂಗಳುಗಳೇ ಡೆಂಗಿಯ ಕಾಲವೂ ಹೌದು. ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ಮುರಿತ, ಚರ್ಮದ ಮೇಲೆ ಕೆಂಪು ಚುಕ್ಕೆ ಇದ್ದರೆ ಕಷಾಯ ಕುಡಿಯುತ್ತಾ ಕೂರದೆ ರಕ್ತಪರೀಕ್ಷೆ ಮಾಡಿಸಬೇಕು. ಉಸಿರಾಟದ ತೊಂದರೆ, ಎರಡು ಮೂರು ದಿನಕ್ಕೂ ಇಳಿಯದ ಜ್ವರ, ಎರಡು ವಾರ ದಾಟಿದ ಕೆಮ್ಮು ಇವಕ್ಕೂ ಇದೇ ಮಾತು.

ಯಾರು ಕೈ ಹಿಡಿಯಬೇಕು

ಮೊದಲ ಸಾಲಿನಲ್ಲಿ ಇರುವವರು ಮಧುಮೇಹಿಗಳು, ಅದಕ್ಕೆ ಕಾರಣ ಶುಂಠಿಯಲ್ಲ, ಬೆಲ್ಲ. ತಾಳೆಬೆಲ್ಲದಿಂದ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ತಾಳೆಬೆಲ್ಲದ ಬಹುಪಾಲು ಸುಕ್ರೋಸ್, ನಾವು ತಿನ್ನುವ ಸಕ್ಕರೆಯೂ ಅದೇ. ಹತ್ತು ಗ್ರಾಂ ತಾಳೆಬೆಲ್ಲವೆಂದರೆ ಹೆಚ್ಚುಕಡಿಮೆ ಎರಡು ಸಣ್ಣ ಚಮಚ ಸಕ್ಕರೆ. ಬೀದಿಯ ಲೋಟ ಇದಕ್ಕಿಂತ ಸಿಹಿಯಾಗಿಯೇ ಇರುತ್ತದೆ. ಬೆಲ್ಲದಲ್ಲಿ ಪೊಟ್ಯಾಸಿಯಂ ಕೂಡ ಇರುವುದರಿಂದ, ಪೊಟ್ಯಾಸಿಯಂ ಕಡಿಮೆ ಮಾಡಲು ವೈದ್ಯರು ಹೇಳಿರುವ ಮೂತ್ರಪಿಂಡದ ರೋಗಿಗಳೂ ಇದನ್ನು ಕೇಳಿಯೇ ಕುಡಿಯಬೇಕು.

ಎರಡನೆಯವರು ಹುಳಿತೇಗು, ಎದೆಯುರಿ, ಹೊಟ್ಟೆಹುಣ್ಣು ಇರುವವರು. ಶುಂಠಿಯ ಜೊತೆ ಕಾಳುಮೆಣಸೂ ಸೇರಿ ಇವರಿಗೆ ತೊಂದರೆ ಹೆಚ್ಚು. ಖಾಲಿಹೊಟ್ಟೆಯಲ್ಲಿ, ಮಲಗುವ ಮುಂಚೆ ಕುಡಿಯಬಾರದು. ಕುಡಿದ ಒಂದು ಗಂಟೆಯೊಳಗೆ ಎದೆಯಲ್ಲಿ ಉರಿ ಅಥವಾ ಬಾಯಿಗೆ ಹುಳಿನೀರು ಬಂದರೆ ಅದೇ ಸೂಚನೆ. ಮೆಣಸು ಬಿಟ್ಟು, ಶುಂಠಿ ಅರ್ಧ ಮಾಡಿ ನೋಡಬಹುದು, ಆಗಲೂ ಉರಿದರೆ ಬಿಟ್ಟೇಬಿಡಬೇಕು.

ಮೂರನೆಯವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು. ಶುಂಠಿಯ ಅಂಶಗಳಿಗೆ ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಗ್ಗಿಸುವ ಗುಣವಿದೆ. ಅಡುಗೆಯ ಪ್ರಮಾಣದಲ್ಲಿ ಅದರ ಪರಿಣಾಮ ಕಡಿಮೆ. ಆದರೆ ವಾರ್ಫರಿನ್ ಅಥವಾ ಅಸಿನೋಕುಮರಾಲ್ ತೆಗೆದುಕೊಳ್ಳುವವರು ಶುಂಠಿಯನ್ನು ಹೆಚ್ಚಾಗಿ ಬಳಸಿದಾಗ ರಕ್ತ ಹೆಪ್ಪುಗಟ್ಟುವ ಅಳತೆಯಾದ ಐಎನ್‌ಆರ್ ಏರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಇಂಥವರು ಹೊಸದಾಗಿ ದಿನಾ ಕುಡಿಯಲು ಶುರುಮಾಡುವ ಮುಂಚೆ ವೈದ್ಯರಿಗೆ ಹೇಳಬೇಕು. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ, ತಾಗದಿದ್ದರೂ ಮೈಮೇಲೆ ನೀಲಿಗಟ್ಟುವುದು, ಕಪ್ಪು ಮಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆಪರೇಷನ್ ನಿಗದಿಯಾದವರು ಒಂದೆರಡು ವಾರ ಮುಂಚೆಯೇ ನಿಲ್ಲಿಸುವುದು ಕ್ಷೇಮ. ಪಿತ್ತಕೋಶದಲ್ಲಿ ಕಲ್ಲಿರುವವರು ಕೂಡ ಕೇಳಿಯೇ ಕುಡಿಯಬೇಕು, ಏಕೆಂದರೆ ಶುಂಠಿ ಪಿತ್ತರಸದ ಹರಿವನ್ನು ಹೆಚ್ಚಿಸುತ್ತದೆ.

ಕೊತ್ತಂಬರಿಯ ಕಡೆಯಿಂದ ತೊಂದರೆ ಅಪರೂಪ. ಸೋಂಪು, ಜೀರಿಗೆ, ಕ್ಯಾರೆಟ್ ಒಗ್ಗದವರಲ್ಲಿ ಕೆಲವರಿಗೆ ಅದೇ ಜಾತಿಯ ಕೊತ್ತಂಬರಿಯೂ ಒಗ್ಗುವುದಿಲ್ಲ. ತುಟಿ ತುರಿಸಿದರೆ, ಮುಖ ಊದಿದರೆ ನಿಲ್ಲಿಸಬೇಕು.

ಒಂದೇ ಪಾತ್ರೆ, ನಾಲ್ಕು ಲೋಟ

ಇಷ್ಟೆಲ್ಲ ಇದ್ದರೂ ಮನೆಯಲ್ಲಿ ನಾಲ್ಕು ಥರ ಕಾಫಿ ಕಾಯಿಸಬೇಕಾಗಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುವ ಅಜ್ಜಿ, ಮಧುಮೇಹಿ ಅಪ್ಪ, ಐದು ತಿಂಗಳ ಬಸುರಿ ಸೊಸೆ, ಆರು ವರ್ಷದ ಮೊಮ್ಮಗ ಇರುವ ಒಂದು ಮನೆ ಅಂದುಕೊಳ್ಳೋಣ. ಎಲ್ಲರಿಗೂ ನೆಗಡಿ. ಮೇಲೆ ಹೇಳಿದ ಅಳತೆಯಲ್ಲೇ ಪುಡಿ ಕುದಿಸಿ ಸೋಸಿ, ಬೆಲ್ಲದ ನೀರನ್ನು ಮಾತ್ರ ಬೆರೆಸದೆ ಪಕ್ಕದಲ್ಲಿಡಿ.

ಅಪ್ಪನ ಲೋಟಕ್ಕೆ ಬೆಲ್ಲದ ನೀರು ಬೇಡ. ಕೊತ್ತಂಬರಿ, ಏಲಕ್ಕಿಗಳ ಪರಿಮಳದಲ್ಲೇ ಕುಡಿಯಬಹುದು, ಚಿಟಿಕೆ ಉಪ್ಪು ಹಾಕಿದರೆ ಸಪ್ಪೆ ಅನ್ನಿಸುವುದಿಲ್ಲ. ರಕ್ತದೊತ್ತಡ ಇದ್ದರೆ ಆ ಉಪ್ಪೂ ಬೇಡ. ಅಜ್ಜಿಗೆ ಅರ್ಧ ಲೋಟಕ್ಕೆ ಅರ್ಧ ಬಿಸಿನೀರು ಬೆರೆಸಿ, ನೆಗಡಿ ಇರುವ ಎರಡು ಮೂರು ದಿನ, ದಿನಕ್ಕೊಮ್ಮೆ. ಅವರಿಗೆ ಹೋದ ಶುಂಠಿ ಗ್ರಾಂನ ಮೂರನೇ ಒಂದು ಭಾಗದಷ್ಟು, ಸಾರಿನಲ್ಲಿ ತಿನ್ನುವುದಕ್ಕಿಂತ ಹೆಚ್ಚೇನಲ್ಲ. ತಿಂಗಳುಗಟ್ಟಲೆ ದಿನಾ ಕುಡಿಯುವ ರೂಢಿ ಮಾಡಿಕೊಳ್ಳುವುದಾದರೆ ಮಾತ್ರ ಹೃದ್ರೋಗದ ವೈದ್ಯರನ್ನು ಕೇಳಬೇಕು. ಬಸುರಿಯರ ವಾಕರಿಕೆಗೆ ಶುಂಠಿ ಕೊಟ್ಟು ನಡೆಸಿದ ಅಧ್ಯಯನಗಳಲ್ಲಿ ಹೆಚ್ಚಿನವು ದಿನಕ್ಕೆ ಒಂದು ಗ್ರಾಂ ಆಸುಪಾಸು ಬಳಸಿವೆ. ಸೊಸೆಗೆ ದಿನಕ್ಕೊಂದು ಲೋಟ ಆ ಮಿತಿಯೊಳಗೇ ಬರುತ್ತದೆ. ಹಿಂದೆ ಗರ್ಭಪಾತವಾಗಿದ್ದರೆ, ರಕ್ತಸ್ರಾವ ಕಂಡಿದ್ದರೆ ಅಥವಾ ಹೆರಿಗೆ ಹತ್ತಿರವಿದ್ದರೆ ವೈದ್ಯರನ್ನು ಕೇಳದೆ ಕುಡಿಯಬಾರದು. ಬಸುರಿಯ ಮಧುಮೇಹವಿದ್ದರೆ ಅಪ್ಪನ ಲೋಟವೇ ಅವಳದ್ದೂ. ಮೊಮ್ಮಗನಿಗೆ ಕಾಲು ಲೋಟಕ್ಕೆ ಅಷ್ಟೇ ಬಿಸಿನೀರು ಬೆರೆಸಿ, ಸ್ವಲ್ಪ ಬೆಲ್ಲ ಹಾಕಿ, ಉಗುರುಬೆಚ್ಚಗೆ ಆರಿಸಿ ಕೊಡಬಹುದು. ಖಾರವೆಂದು ಮುಖ ತಿರುಗಿಸಿದರೆ ಒತ್ತಾಯ ಬೇಡ. ಎರಡು ವರ್ಷದೊಳಗಿನ ಮಗುವಿಗೆ ಇದರ ಅಗತ್ಯವೇ ಇಲ್ಲ. ಬೆಲ್ಲದ ಬದಲು ಜೇನು ಹಾಕುವ ಮನೆಗಳಲ್ಲಿ, ವರ್ಷ ತುಂಬದ ಮಗುವಿಗೆ ಅದು ಒಂದು ಹನಿಯೂ ಹೋಗಬಾರದು. ಜೇನಿನಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳು ಆ ವಯಸ್ಸಿನ ಕರುಳಿನಲ್ಲಿ ಬೆಳೆದು ಪ್ರಾಣಕ್ಕೇ ಅಪಾಯ ತರಬಲ್ಲವು.

ಈ ಮನೆಯವರು ಯಾರೂ ಕಾಫಿ ಬಿಟ್ಟಿಲ್ಲ, ಬದಲಾದದ್ದು ಅಳತೆ ಮತ್ತು ಬೆಲ್ಲ ಸೇರಿಸುವ ಜಾಗ. ಅಂಗಡಿಯ ಸಿಹಿ ಬೆರೆಸಿದ ಪುಡಿಯಲ್ಲಾಗಲಿ, ಬೀದಿಯ ಡ್ರಮ್ಮಿನಲ್ಲಾಗಲಿ ಈ ಅನುಕೂಲ ಇಲ್ಲ. ಹೀಗಾಗಿ ಮಾತ್ರೆ ನುಂಗುವವರು ಒಬ್ಬರಾದರೂ ಇರುವ ಮನೆಯಲ್ಲಿ ಪುಡಿಯನ್ನು ಸಿಹಿಯಿಲ್ಲದೆ ಮಾಡಿಟ್ಟು, ಬೆಲ್ಲವನ್ನು ಲೋಟಕ್ಕೇ ಹಾಕಿಕೊಳ್ಳುವುದು ಸರಿಯಾದ ಕ್ರಮ.